ಸಂಕ್ರಮಣ ಇಲ್ಲದ ತಿಂಗಳು: ಅಧಿಕ ಮಾಸವನ್ನು ನಾನು ಲೆಕ್ಕ ಹಾಕುವ ಬಗೆ

ವಿರಾಜಪೇಟೆಯಲ್ಲಿ ನಮ್ಮದೊಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್ ಇದೆ. ಮದುವೆ ಕಾಗದ, ಬಿಲ್ ಬುಕ್ ಜೊತೆಗೆ ವರ್ಷಕ್ಕೊಮ್ಮೆ ಅಂಗಡಿಗಳಿಗೆ ಗೋಡೆ ಕ್ಯಾಲೆಂಡರ್ ಮಾಡಿಕೊಡುತ್ತೇವೆ. ಕೊಡಗಿನಲ್ಲಿ ಈ ಕೆಲಸ ಮೈಸೂರು ಕಡೆಯಷ್ಟು ಸಲೀಸಲ್ಲ. ಒಂದೇ ಬೀದಿಯಲ್ಲಿ ಯುಗಾದಿಗೆ ಹೊಸ ವರ್ಷ ಮಾಡುವ ಮನೆಯೂ ಇದೆ, ಏಪ್ರಿಲ್ 14ಕ್ಕೆ ಎಡಮ್ಯಾರ್ ಒಂದು ಅಂತ ಹೊಸ ವರ್ಷ ಹಿಡಿಯುವ ಮನೆಯೂ ಇದೆ. ಮೊದಲನೆಯದು ಚಂದ್ರನ ಲೆಕ್ಕ, ಎರಡನೆಯದು ಸೂರ್ಯನ ಲೆಕ್ಕ. ಹಾಗಾಗಿ ನಮ್ಮ ಕ್ಯಾಲೆಂಡರ್‌ನ ಪ್ರತಿ ಚೌಕದಲ್ಲಿ ತಾರೀಖಿನ ಕೆಳಗೆ ಎರಡೂ ತಿಂಗಳು ಬರಬೇಕು.

ಅಧಿಕ ಮಾಸ ಬರುವ ವರ್ಷ ಈ ಎರಡನ್ನೂ ಹೊಂದಿಸುವಾಗ ನಾನು ಬೇರೆ ಕ್ಯಾಲೆಂಡರ್ ನೋಡಿ ಬರೆದುಕೊಳ್ಳುವುದಿಲ್ಲ. ಪಂಚಾಂಗ ಇಟ್ಟುಕೊಂಡು ಕೈಯಲ್ಲೇ ಹಾಕುತ್ತೇನೆ. ಅದಕ್ಕೆ ಬೇಕಾದದ್ದು ಎರಡೇ ಪಟ್ಟಿ. ಒಂದು, ವರ್ಷದ ಹನ್ನೆರಡು ಸಂಕ್ರಮಣಗಳು, ಅಂದರೆ ಸೂರ್ಯ ಹೊಸ ರಾಶಿಗೆ ಕಾಲಿಡುವ ದಿನ ಮತ್ತು ಹೊತ್ತು. ಇನ್ನೊಂದು, ಪ್ರತಿ ಅಮಾವಾಸ್ಯೆ ಮುಗಿಯುವ ದಿನ ಮತ್ತು ಹೊತ್ತು. ಎರಡನ್ನೂ ಸೇರಿಸಿ ದಿನಾಂಕದ ಸಾಲಿನಲ್ಲಿ ಒಂದರ ಕೆಳಗೆ ಒಂದು ಬರೆಯುತ್ತೇನೆ. ಸಾಮಾನ್ಯವಾಗಿ ಅಮಾವಾಸ್ಯೆ, ಸಂಕ್ರಮಣ, ಅಮಾವಾಸ್ಯೆ, ಸಂಕ್ರಮಣ ಅಂತ ಹೋಗುತ್ತದೆ. ನಡುವೆ ಸಂಕ್ರಮಣ ಇಲ್ಲದೆ ಎರಡು ಅಮಾವಾಸ್ಯೆ ಒಟ್ಟಿಗೆ ಬಂದರೆ ಅಲ್ಲೇ ಅಧಿಕ ಮಾಸ.

2023ರ ಪಟ್ಟಿಯನ್ನೇ ತೆಗೆದುಕೊಳ್ಳಿ. ಜುಲೈ 17ರ ಬೆಳಗಿನ ಜಾವ ಸೂರ್ಯ ಕರ್ಕಕ್ಕೆ ಬಂದ. ಅದೇ ದಿನ ರಾತ್ರಿ ಹನ್ನೆರಡರ ಹೊತ್ತಿಗೆ ಅಮಾವಾಸ್ಯೆ ಮುಗಿಯಿತು. ಅದಾದ ಮೇಲೆ ಸಾಲಿನಲ್ಲಿ ಬಂದದ್ದು ಮತ್ತೆ ಅಮಾವಾಸ್ಯೆ, ಆಗಸ್ಟ್ 16ರ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಮುಗಿದದ್ದು. ಸಿಂಹ ಸಂಕ್ರಮಣ ಆಗಿದ್ದು ಮಾರನೇ ದಿನ, ಆಗಸ್ಟ್ 17ಕ್ಕೆ. ಅಂದರೆ ಜುಲೈ 18ರಿಂದ ಆಗಸ್ಟ್ 16ರವರೆಗಿನ ಚಾಂದ್ರ ತಿಂಗಳಿಗೆ ಸಂಕ್ರಮಣವೇ ಸಿಗಲಿಲ್ಲ.

ಚಾಂದ್ರ ತಿಂಗಳಿಗೆ ಹೆಸರು ಕೊಡುವುದೇ ಅದರೊಳಗೆ ಬೀಳುವ ಸಂಕ್ರಮಣ. ಮೇಷ ಸಂಕ್ರಮಣ ಬಿದ್ದರೆ ಚೈತ್ರ, ಕರ್ಕ ಬಿದ್ದರೆ ಆಷಾಢ, ಸಿಂಹ ಬಿದ್ದರೆ ಶ್ರಾವಣ. ಸಂಕ್ರಮಣ ಸಿಗದ ತಿಂಗಳಿಗೆ ಸ್ವಂತ ಹೆಸರಿಲ್ಲ. ಅದು ಮುಂದಿನ ತಿಂಗಳ ಹೆಸರು ಪಡೆದುಕೊಳ್ಳುತ್ತದೆ. ಹಾಗಾಗಿ 2023ರಲ್ಲಿ ಮೊದಲು ಅಧಿಕ ಶ್ರಾವಣ ಬಂತು, ಆಗಸ್ಟ್ 17ರಿಂದ ನಿಜ ಶ್ರಾವಣ ಶುರುವಾಯಿತು. ವರಮಹಾಲಕ್ಷ್ಮಿ ವ್ರತ, ನಾಗರ ಪಂಚಮಿ ಎಲ್ಲ ನಿಜ ಶ್ರಾವಣಕ್ಕೇ ಹೋದವು.

ಹೀಗೇಕೆ ಆಗುತ್ತದೆ ಅನ್ನುವುದು ಸರಳ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಅಂಥ ಹನ್ನೆರಡು ಸೇರಿದರೆ 354 ದಿನ, ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಮ್ಮಿ. ಗಣೇಶ ಚೌತಿ ಪ್ರತಿ ವರ್ಷ ಹನ್ನೊಂದು ದಿನ ಮುಂಚೆ ಬರುತ್ತಾ ಹೋಗುವುದು ಇದಕ್ಕೇ. ಕೊರತೆ ಒಂದು ತಿಂಗಳಷ್ಟಾದಾಗ, ಅಂದರೆ ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ, ಅಧಿಕ ಮಾಸ ಸೇರಿ ಲೆಕ್ಕ ಮತ್ತೆ ಕೂಡುತ್ತದೆ. 2022ರಲ್ಲಿ ಚೌತಿ ಆಗಸ್ಟ್ 31ಕ್ಕೆ ಇತ್ತು, 2023ರಲ್ಲಿ ಸೆಪ್ಟೆಂಬರ್ 18ಕ್ಕೆ ಹೋಯಿತು.

ಅಧಿಕ ಮಾಸ ಜಾಸ್ತಿ ಬೀಳುವುದು ಬೇಸಿಗೆ, ಮಳೆಗಾಲದ ತಿಂಗಳುಗಳಲ್ಲೇ. ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಅತಿ ದೂರ ಇರುತ್ತದೆ, ಆಗ ಅದರ ಓಟ ನಿಧಾನ. ನಮಗೆ ಸೂರ್ಯನೇ ನಿಧಾನ ನಡೆದಂತೆ ಕಾಣುತ್ತದೆ. ಮಿಥುನ, ಕರ್ಕ ರಾಶಿಗಳನ್ನು ದಾಟಲು ಮೂವತ್ತೊಂದೂವರೆ ದಿನದ ಹತ್ತಿರ ಬೇಕು. ಅಷ್ಟು ಉದ್ದದ ಸೌರ ತಿಂಗಳೊಳಗೆ ಒಂದು ಚಾಂದ್ರ ತಿಂಗಳು ಪೂರ್ತಿ ಕೂತುಬಿಡಲು ಜಾಗ ಇದೆ. ಧನುರ್ಮಾಸದಲ್ಲಿ ಅಂಥ ಜಾಗವೇ ಇಲ್ಲ.

2023ರಲ್ಲಿ ಆಗಿದ್ದೂ ಅದೇ. ಅಧಿಕ ಶ್ರಾವಣ ಕೂತಿದ್ದು ನಮ್ಮ ಕಕ್ಕಡ ತಿಂಗಳೊಳಗೆ. ಕಕ್ಕಡ ಅಂದರೆ ಕರ್ಕ ಮಾಸ, ಜುಲೈ 17ರಿಂದ ಆಗಸ್ಟ್ 16ರವರೆಗೆ. ಆ ವರ್ಷ ಎರಡೂ ಹೆಚ್ಚುಕಮ್ಮಿ ಒಂದರ ಮೇಲೊಂದು ಬಿದ್ದವು. ಕಕ್ಕಡದಲ್ಲಿ ಇಲ್ಲಿ ಶುಭ ಕಾರ್ಯ ಮಾಡುವುದಿಲ್ಲ, ಅಧಿಕದಲ್ಲಿ ಚಾಂದ್ರಮಾನದವರೂ ಮಾಡುವುದಿಲ್ಲ. ಪ್ರೆಸ್‌ಗೆ ಆ ತಿಂಗಳು ಮದುವೆ ಕಾಗದದ ಕೆಲಸವೇ ಬರಲಿಲ್ಲ.

ಕಕ್ಕಡದ ಹದಿನೆಂಟನೇ ದಿನ ಆಗಸ್ಟ್ 3. ಮದ್ದು ಸೊಪ್ಪಿನ ಪಾಯಸ ಮಾಡುವ ದಿನ. ಆ ಒಂದು ಚೌಕವನ್ನೇ ನಾಲ್ಕು ವರ್ಷ ಸಾಲಾಗಿ ನೋಡಿದರೆ ಎರಡು ಲೆಕ್ಕಗಳ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕೊಡವ ಸಾಲಿನಲ್ಲಿ ಪ್ರತಿ ಸಲವೂ ಕಕ್ಕಡ 18. ಚಾಂದ್ರ ಸಾಲಿನಲ್ಲಿ 2022ರಲ್ಲಿ ಶ್ರಾವಣ ಶುದ್ಧ, 2023ರಲ್ಲಿ ಅಧಿಕ ಶ್ರಾವಣ ಬಹುಳ, 2024ರಲ್ಲಿ ಆಷಾಢ ಬಹುಳ, 2025ರಲ್ಲಿ ಮತ್ತೆ ಶ್ರಾವಣ ಶುದ್ಧ.

ಸೌರ ಲೆಕ್ಕವೂ ಇಂಗ್ಲಿಷ್ ತಾರೀಖಿಗೆ ಅಂಟಿಕೊಂಡು ನಿಲ್ಲುವುದಿಲ್ಲ. ತಲಕಾವೇರಿಯ ತೀರ್ಥೋದ್ಭವ ತುಲಾ ಸಂಕ್ರಮಣಕ್ಕೆ. ಅದು 2023ರಲ್ಲಿ ಅಕ್ಟೋಬರ್ 17ರ ನಡುರಾತ್ರಿ ದಾಟಿ, ಅಂದರೆ 18ರ ಬೆಳಗಿನ ಜಾವ 1.27ಕ್ಕೆ ಇತ್ತು, 2024ರಲ್ಲಿ 17ರ ಬೆಳಗ್ಗೆ 7.40ಕ್ಕೆ, 2025ರಲ್ಲಿ 17ರ ಮಧ್ಯಾಹ್ನ 1.44ಕ್ಕೆ. ವರ್ಷಕ್ಕೆ ಆರು ಗಂಟೆಯಷ್ಟು ಮುಂದೆ ಸರಿಯುತ್ತದೆ, ಫೆಬ್ರವರಿ 29 ಬಂದ ವರ್ಷ ಒಂದು ದಿನ ಹಿಂದಕ್ಕೆ ಬರುತ್ತದೆ. ಆದರೆ ತಿಂಗಳುಗಟ್ಟಲೆ ಜಿಗಿತ ಇಲ್ಲ. ಸೌರಮಾನಕ್ಕೆ ಅಧಿಕ ಮಾಸ ಬೇಡದಿರುವುದು ಇದಕ್ಕೇ.

ಪಟ್ಟಿ ಹಾಕುವಾಗ ಎಡವಟ್ಟಾಗುವುದು ಬರೀ ತಾರೀಖು ನೋಡಿದರೆ. 2026ರ ಜೂನ್ 15 ಇದಕ್ಕೆ ಒಳ್ಳೆಯ ಉದಾಹರಣೆ. ಅಮಾವಾಸ್ಯೆಯೂ ಮಿಥುನ ಸಂಕ್ರಮಣವೂ ಅದೇ ತಾರೀಖಿಗೆ ಬೀಳುತ್ತವೆ. ತಾರೀಖು ಮಾತ್ರ ಬರೆದುಕೊಂಡರೆ ಆ ತಿಂಗಳಿಗೆ ಸಂಕ್ರಮಣ ಸಿಕ್ಕಿತು, ಅಧಿಕ ಇಲ್ಲ ಅಂತ ಆಗುತ್ತದೆ. ಹೊತ್ತು ನೋಡಿ: ಅಮಾವಾಸ್ಯೆ ಮುಗಿಯುವುದು ಬೆಳಗ್ಗೆ ಎಂಟೂವರೆಯ ಒಳಗೆ, ಸೂರ್ಯ ಮಿಥುನಕ್ಕೆ ಬರುವುದು ಮಧ್ಯಾಹ್ನ. ನಾಲ್ಕು ಗಂಟೆಗೂ ಸ್ವಲ್ಪ ಹೆಚ್ಚಿನ ಅಂತರ, ಅಷ್ಟರಲ್ಲಿ ತಿಂಗಳು ಸಂಕ್ರಮಣ ತಪ್ಪಿಸಿಕೊಂಡಿತು. ಹಿಂದಿನ ವೃಷಭ ಸಂಕ್ರಮಣ ಮೇ 15ಕ್ಕೇ ಆಗಿರುತ್ತದೆ, ಅದರ ನಂತರದ ಅಮಾವಾಸ್ಯೆ ಮೇ 16ರ ನಡುರಾತ್ರಿ ಕಳೆದು ಮುಗಿಯುತ್ತದೆ. ಹಾಗಾಗಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಇಷ್ಟು ಹತ್ತಿರ ಇರುವಾಗ ಎರಡೂ ಹೊತ್ತನ್ನು ಒಂದೇ ಪಂಚಾಂಗದಿಂದ ತೆಗೆಯಬೇಕು. ದೃಗ್ಗಣಿತದ ಪಂಚಾಂಗ ಮತ್ತು ಸೂರ್ಯಸಿದ್ಧಾಂತದ ಪಂಚಾಂಗ ಕೊಡುವ ಹೊತ್ತುಗಳು ಒಂದೇ ಇರುವುದಿಲ್ಲ. ಒಂದನ್ನು ಇಲ್ಲಿಂದ, ಇನ್ನೊಂದನ್ನು ಅಲ್ಲಿಂದ ತಂದರೆ ಪಟ್ಟಿಗೆ ಅರ್ಥವೇ ಇರುವುದಿಲ್ಲ.

ಅಧಿಕ ಬಂದ ವರ್ಷ ಅಂಗಡಿಗೆ ಬರುವ ಹಿರಿಯರು ಕೇಳುವ ಪ್ರಶ್ನೆ ಒಂದೇ: "ಈ ಸಲ ಹುತ್ತರಿ ತಡ ಆಗುತ್ತಾ?" ದೀಪಾವಳಿ ತಡ ಆಗುತ್ತದಲ್ವಾ, ಹುತ್ತರಿಯೂ ಹಾಗೇ ಅಂದುಕೊಳ್ಳುತ್ತಾರೆ. ಹಾಗಲ್ಲ. ಹುತ್ತರಿಗೆ ನೋಡುವುದು ವೃಶ್ಚಿಕ ಮಾಸದ ಹುಣ್ಣಿಮೆ, ರೋಹಿಣಿ ನಕ್ಷತ್ರ. ಹುಣ್ಣಿಮೆ ಚಂದ್ರನದು, ಆದರೆ ಅದನ್ನು ಹುಡುಕುವ ತಿಂಗಳು ಸೂರ್ಯನದು. ಹಾಗಾಗಿ ಅದು ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದೊಳಗೇ ಬರುತ್ತದೆ. 2022ರಲ್ಲಿ ಡಿಸೆಂಬರ್ 7ಕ್ಕೆ, ಮಾರ್ಗಶಿರದಲ್ಲಿ ಇತ್ತು. ಅಧಿಕ ಬಂದ 2023ರಲ್ಲಿ ನವೆಂಬರ್ 27ಕ್ಕೆ, ಕಾರ್ತಿಕ ಹುಣ್ಣಿಮೆಗೆ ಬಂತು. ತಡ ಆಗಲಿಲ್ಲ, ಹತ್ತು ದಿನ ಮುಂಚೆಯೇ ಬಂತು. 2024ರಲ್ಲಿ ಡಿಸೆಂಬರ್ 14ಕ್ಕೆ, ಮತ್ತೆ ಮಾರ್ಗಶಿರ.

2026ಕ್ಕೂ ಅದೇ ಲೆಕ್ಕ ಹಾಕಿದರೆ ವೃಶ್ಚಿಕದೊಳಗಿನ ಹುಣ್ಣಿಮೆ ನವೆಂಬರ್ 24. ಮುಂದಿನ ಹುಣ್ಣಿಮೆಯಷ್ಟರಲ್ಲಿ ಸೂರ್ಯ ಧನುವಿಗೆ ಹೋಗಿರುತ್ತಾನೆ. ಹಾಗಾಗಿ ನವೆಂಬರ್ ಕೊನೆಯ ವಾರದ ಚೌಕಗಳನ್ನು ನಾನು ಖಾಲಿ ಬಿಟ್ಟಿರುತ್ತೇನೆ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ದಿನ ನಿಗದಿ ಆದ ಮೇಲೆಯೇ ಅಲ್ಲಿ ಹುತ್ತರಿ ಅಂತ ಅಚ್ಚಾಗುವುದು.