ಕಡುಕಪ್ಪು ಕೂದಲಿಗೆ ಕಾಫಿ ಬಣ್ಣದ ಹೈಲೈಟ್ಸ್: ನನ್ನ ಅನುಭವ

ಮೈಸೂರಿನಲ್ಲಿ ನನ್ನದೊಂದು ಸಣ್ಣ ಪಾರ್ಲರ್ ಇದೆ. ಹೈಲೈಟ್ಸ್ ಬೇಕು ಅಂತ ಬರುವವರು ಸಾಮಾನ್ಯವಾಗಿ ಫೋನಿನಲ್ಲಿ ಹೊಂಬಣ್ಣದ ಎಳೆಗಳ ಫೋಟೊ ತೋರಿಸುತ್ತಾರೆ. ನನ್ನ ತಲೆಗೇ ಮಾಡಿಕೊಳ್ಳಬೇಕು ಅನ್ನಿಸಿದಾಗ ನಾನು ಆ ಬಣ್ಣ ಬಿಟ್ಟು ಕಾಫಿ ಕಂದು ಆರಿಸಿಕೊಂಡೆ. ಕಾರಣ ರುಚಿಯಲ್ಲ, ಲೆಕ್ಕ.

ನಮ್ಮ ಲೆಕ್ಕದಲ್ಲಿ ಕೂದಲಿನ ಬಣ್ಣಕ್ಕೆ 1ರಿಂದ 10ರವರೆಗೆ ಲೆವೆಲ್ ಇದೆ. 1 ಅಂದರೆ ಕಡುಕಪ್ಪು, 10 ಅಂದರೆ ತೀರಾ ತಿಳಿ ಹೊಂಬಣ್ಣ. ನನ್ನದು 2. ಬ್ಲೀಚ್ ಹಾಕಿದರೆ ಕಪ್ಪು ನೇರವಾಗಿ ಹೊಂಬಣ್ಣಕ್ಕೆ ತಿರುಗುವುದಿಲ್ಲ. ಮೊದಲು ಕೆಂಪು ಕಂದು, ಆಮೇಲೆ ತಾಮ್ರದ ಕಿತ್ತಳೆ, ಅದಾದ ಮೇಲೆ ಹಳದಿ. ಹಳದಿವರೆಗೆ ಹೋಗಬೇಕಾದರೆ ಕೂದಲು ತುಂಬಾ ಹೊತ್ತು ಬ್ಲೀಚಿನಲ್ಲಿರಬೇಕು, ಕೆಲವು ಸಲ ಎರಡನೇ ಬಾರಿಯೂ ಹಾಕಬೇಕು. 5ರ ಹತ್ತಿರ ನಿಲ್ಲಿಸಿದರೆ ಒಳಗಿನ ಆ ಕೆಂಪೇ ಕಾಫಿ ಬಣ್ಣಕ್ಕೆ ಆಧಾರವಾಗುತ್ತದೆ. ಕಪ್ಪಿನ ನಡುವೆ ಅಷ್ಟು ವ್ಯತ್ಯಾಸವೇ ಸಾಕು. ನೆರಳಲ್ಲಿ ಕಾಣುವುದಿಲ್ಲ, ಬಿಸಿಲಿಗೆ ಬಂದಾಗ ಕಾಣುತ್ತದೆ.

ಮೊದಲು ಕಿವಿಯ ಹಿಂದಿನ ಒಂದು ಎಳೆಯ ಮೇಲೆ ಪರೀಕ್ಷೆ ಮಾಡಿದೆ. ಇದನ್ನು ಯಾರಿಗೂ ಬಿಡುವುದಿಲ್ಲ. ಹಿಂದೆ ಕಪ್ಪು ಡೈ ಅಥವಾ ಕಾಲಿ ಮೆಹಂದಿ ಹಚ್ಚಿದ್ದರೆ ಬಣ್ಣ ತೇಪೆ ತೇಪೆಯಾಗಿ ಏಳುತ್ತದೆ. ಲೋಹದ ಲವಣ ಇರುವ ಡೈ ಆಗಿದ್ದರೆ ಎಳೆ ಬಿಸಿಯಾಗುವುದೂ ಉಂಟು. ಹಾಗಾದರೆ ಅಲ್ಲಿಗೇ ತೊಳೆದು ಕೆಲಸ ನಿಲ್ಲಿಸಬೇಕು.

ಬ್ಲೀಚ್ ಪುಡಿ 20 ಗ್ರಾಂ, 20 ವಾಲ್ಯೂಮ್ ಡೆವಲಪರ್ 40 ಮಿಲಿ. ಅಂದರೆ 6 ಪರ್ಸೆಂಟ್ ಪೆರಾಕ್ಸೈಡ್. 30 ಹಾಕಿದರೆ ಬೇಗ ಏಳುತ್ತದೆ ನಿಜ, ಆದರೆ ಸರಿಯಾದ ಹಂತದಲ್ಲಿ ನಿಲ್ಲಿಸುವುದು ಕಷ್ಟ. ಬಾಚಣಿಗೆಯ ಬಾಲದಿಂದ ತೀರಾ ತೆಳುವಾದ ಎಳೆಗಳನ್ನು ಎತ್ತಿ ಫಾಯಿಲ್‌ನಲ್ಲಿ ಸುತ್ತಿದೆವು. ಮುಖದ ಪಕ್ಕದ್ದು ನಾನೇ ಮಾಡಿಕೊಂಡೆ. ಹಿಂಭಾಗವನ್ನು ಪಾರ್ಲರಿನ ಹುಡುಗಿ ಮಾಡಿದಳು. ಬುಡಕ್ಕೆ ತಾಗಿಸಲಿಲ್ಲ, ಎರಡು ಮೂರು ಬೆರಳು ಬಿಟ್ಟು ಶುರು ಮಾಡಿ ಮೇಲ್ಗಡೆ ಬ್ರಷ್‌ನಿಂದ ತೇಲಿಸಿದೆವು. ಕೂದಲು ಬೆಳೆದಾಗ ಗೆರೆ ಎದ್ದು ಕಾಣದಿರಲಿ ಅಂತ. ಐದೈದು ನಿಮಿಷಕ್ಕೆ ಒಂದು ಫಾಯಿಲ್ ಬಿಚ್ಚಿ, ಪೇಸ್ಟ್ ಒರೆಸಿ ನೋಡುತ್ತಿದ್ದೆವು. ತಾಮ್ರದ ಬಣ್ಣ ಬಂದ ಕೂಡಲೇ ತೊಳೆದೆವು. ಆ ಹೊತ್ತಿಗೆ ಕನ್ನಡಿ ನೋಡಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಆದರೆ ಮೇಲೆ ನೀಲಿ ಅಂಶದ ಆ್ಯಶ್ ಬ್ರೌನ್ ಟೋನರ್ ಬಿದ್ದಾಗ ಕಿತ್ತಳೆ ಅಡಗಿ ಕಾಫಿ ಬಣ್ಣ ಬಂತು.

ಇನ್ನು ಒಣಗುವ ವಿಷಯ. ಕೂದಲಿನ ಹೊರಮೈಗೆ ಹುಟ್ಟಿನಿಂದಲೇ ಒಂದು ತೆಳು ಕೊಬ್ಬಿನ ಪದರ ಅಂಟಿರುತ್ತದೆ. ನೀರು ಒಳಗೆ ನುಗ್ಗದಂತೆ ಅದು ತಡೆಯುತ್ತದೆ. ಬ್ಲೀಚ್ ಅದನ್ನು ಕಿತ್ತುಹಾಕುತ್ತದೆ, ಹೊರ ಪೊರೆಗಳೂ ಎದ್ದು ನಿಲ್ಲುತ್ತವೆ. ಬೇಕಾದರೆ ಒಣಗಿದ ಕೂದಲಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಕಪ್ಪು ಎಳೆಯ ಮೇಲೆ ಹನಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಕಂದು ಎಳೆಯಲ್ಲಿ ಇಂಗಿಹೋಗುತ್ತದೆ. ಹಾಗಾಗಿ ಆ ಎಳೆಗಳು ಒದ್ದೆಯಾದಾಗ ಉಬ್ಬುತ್ತವೆ, ಸಿಕ್ಕಾಗುತ್ತವೆ, ಒಣಗಿದಾಗ ಒರಟಾಗುತ್ತವೆ. ಕಂಡಿಷನರ್ ಆ ಪದರವನ್ನು ವಾಪಸ್ ತರುವುದಿಲ್ಲ, ಮುಂದಿನ ತಲೆಸ್ನಾನದವರೆಗೆ ಅದರ ಕೆಲಸ ಮಾಡುತ್ತದೆ ಅಷ್ಟೇ. ಅದಕ್ಕೇ ಪ್ರತಿ ಸಲ ಹಚ್ಚಬೇಕು.

ಹಾನಿ ಎಷ್ಟಾಗಿದೆ ಅಂತ ತಿಳಿಯಲು ಒದ್ದೆ ಎಳೆಯೊಂದನ್ನು ಮೆಲ್ಲಗೆ ಎಳೆಯಿರಿ. ಹಿಗ್ಗಿ ಮತ್ತೆ ಮೊದಲಿನಂತಾದರೆ ಸರಿ. ಹಿಗ್ಗಿ ಹಾಗೇ ಜೋತುಬಿದ್ದರೆ, ಇಲ್ಲ ಪಟ್ಟನೆ ತುಂಡಾದರೆ ಇನ್ನು ಬ್ಲೀಚ್ ಮುಟ್ಟಿಸಬೇಡಿ. ನನ್ನದು ವಾಪಸ್ ಬಂತು, ಆದರೆ ತುದಿಗಳು ಮೊದಲಿಗಿಂತ ನಿಧಾನವಾಗಿ.

ತಲೆಸ್ನಾನದ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಅದು ಕೂದಲೊಳಗೆ ಸೇರಿಕೊಂಡು ತೊಳೆಯುವಾಗ ಉಬ್ಬುವುದನ್ನು ಕಡಿಮೆ ಮಾಡುತ್ತದೆ. ಈ ಒಂದು ವಿಷಯದಲ್ಲಿ ಅಮ್ಮನಿಗೆ ನನ್ನ ಮೇಲೆ ಸಂಪೂರ್ಣ ಸಮಾಧಾನವಿದೆ! ಸೀಗೆಪುಡಿ ಹಾಕಿ ಉಜ್ಜುವುದನ್ನು ಮಾತ್ರ ಬಿಟ್ಟೆ, ಎದ್ದ ಪೊರೆಗೆ ಆ ತಿಕ್ಕಾಟ ಆಗುವುದಿಲ್ಲ. ನಮ್ಮದು ಬೋರ್‌ವೆಲ್ ನೀರು, ಗಡಸು. ಅದರ ಲವಣ ಈ ಎಳೆಗಳಿಗೆ ಜಾಸ್ತಿ ಅಂಟುತ್ತದೆ. ಹಾಗಾಗಿ ಕೊನೆಯ ಒಂದು ಚೊಂಬು ಫಿಲ್ಟರ್ ನೀರು.

ಟೋನರ್ ಶಾಶ್ವತವಲ್ಲ. ಕೆಲವು ವಾರಗಳಲ್ಲಿ ಕಿತ್ತಳೆ ಮತ್ತೆ ಇಣುಕುತ್ತದೆ. ಆಗ ತುಂಬಾ ಜನ ನೇರಳೆ ಶಾಂಪೂ ಕೊಳ್ಳುತ್ತಾರೆ. ಅದು ಹಳದಿಗೆ, ಕಿತ್ತಳೆಗೆ ನೀಲಿಯೇ ಬೇಕು. ನಾನು ನೀಲಿ ಶಾಂಪೂವನ್ನು ಆಗೊಮ್ಮೆ ಈಗೊಮ್ಮೆ ಹಾಕಿ, ಅದೂ ಸಾಲದಾದಾಗ ಟೋನರ್ ಮಾತ್ರ ಮತ್ತೆ ಹಾಕಿಸುತ್ತೇನೆ. ಬ್ಲೀಚ್ ಹೊಸದಾಗಿ ಬೆಳೆದ ಕಪ್ಪು ಭಾಗಕ್ಕೆ ಮಾತ್ರ. ಒಮ್ಮೆ ಬ್ಲೀಚ್ ಆದ ತುದಿಗಳಿಗೆ ಮತ್ತೆ ತಾಗದಂತೆ ಅಲ್ಲಿಗೆ ಮೊದಲೇ ಕಂಡಿಷನರ್ ಬಳಿದಿರುತ್ತೇನೆ.