ಮೊದಲ ಹತ್ತು ಸೆಕೆಂಡಿನಲ್ಲಿ ನಾಣ್ಯವನ್ನೇ ತೋರಿಸಿ

ಪಾಠದ ವಿಡಿಯೊ ಮಾಡುವ ಗೆಳೆಯರೇ, ಬೆಳಕಿನ ವಕ್ರೀಭವನದ ಕುರಿತ ನನ್ನ ವಿಡಿಯೊ ಮೊದಲು ಲೋಗೊ, ನಮಸ್ಕಾರ, ಚಾನೆಲ್‌ನ ಪರಿಚಯದಿಂದ ಶುರುವಾಗುತ್ತಿತ್ತು. ಯೂಟ್ಯೂಬ್ ಸ್ಟುಡಿಯೊದ ವೀಕ್ಷಣೆಯ ಗೆರೆ ಅಲ್ಲೇ ಕಡಿದಾಗಿ ಇಳಿದಿತ್ತು. ಪಾಪ, ಮಕ್ಕಳು ಪಾಠಕ್ಕೆ ಬಂದಿದ್ದರು, ನನ್ನ ಪರಿಚಯಕ್ಕಲ್ಲ.

ಈಗ ಮೊದಲ ದೃಶ್ಯವೇ ಸ್ಟೀಲ್ ಬಟ್ಟಲು. ತಳದಲ್ಲಿ ಅಂಟಿಸಿದ ನಾಣ್ಯ ಅಂಚಿನ ಮರೆಯಲ್ಲಿದೆ. ನೀರು ಸುರಿದಂತೆ ಅದು ಮೆಲ್ಲನೆ ಕಾಣಿಸಿಕೊಳ್ಳುತ್ತದೆ. ಆಗ ಒಂದೇ ಮಾತು: "ನಾಣ್ಯವೂ ಕದಲಿಲ್ಲ, ಕ್ಯಾಮೆರಾವೂ ಕದಲಿಲ್ಲ. ಮತ್ತೆ ಹೇಗೆ ಕಂಡಿತು?" ಉತ್ತರವನ್ನು ಅಲ್ಲೇ ಹೇಳಬೇಡಿ, ಆದರೆ ಮುಂದಿನ ಒಂದೆರಡು ನಿಮಿಷದಲ್ಲೇ ಕಿರಣಚಿತ್ರ ಬಿಡಿಸಿ ಹೇಳಿ. ಕೊನೆಯವರೆಗೂ ಕಾಯಿಸಿದರೆ ಮಕ್ಕಳಿಗೆ ಮೋಸ ಮಾಡಿದಂತೆ. ಹೆಸರು, ಪರಿಚಯ ಬೇಕೆಂದರೆ ಪ್ರಶ್ನೆಯ ನಂತರ ಒಂದು ವಾಕ್ಯ ಸಾಕು.

ಈಗಾಗಲೇ ಪ್ರಕಟಿಸಿದ ವಿಡಿಯೊ ಇದ್ದರೆ, ಸ್ಟುಡಿಯೊದ ಎಡಿಟರ್‌ನಲ್ಲಿ ಆರಂಭದ ಭಾಗವನ್ನು ಕತ್ತರಿಸಬಹುದು. ಲಿಂಕ್ ಮತ್ತು ವೀಕ್ಷಣೆಗಳ ಲೆಕ್ಕ ಹಾಗೆಯೇ ಉಳಿಯುತ್ತವೆ. ಆದರೆ ಹೊಸ ದೃಶ್ಯ ಸೇರಿಸಲಾಗದು. ಹಾಗಾಗಿ ಪಾಠದ ಮೊದಲ ಗಟ್ಟಿ ವಾಕ್ಯ ಎಲ್ಲಿದೆ ಎಂದು ಹುಡುಕಿ, ಅಲ್ಲಿಂದ ಶುರುವಾಗುವಂತೆ ಕತ್ತರಿಸಿ. ವಿವರಣೆಯಲ್ಲಿ ಅಧ್ಯಾಯಗಳ ಸಮಯ ಬರೆದಿದ್ದರೆ ಅದನ್ನೂ ತಿದ್ದಲು ಮರೆಯಬೇಡಿ.