ಕೊನೆಯ ನಾಲ್ಕು ಅಂಕಿ: ಯುಪಿಐ ಲೆಕ್ಕ ನಾನು ತಾಳೆ ನೋಡುವ ಬಗೆ

ಬಿಲ್ಲಿನ ಮೂಲೆಯಲ್ಲಿ ಯುಪಿಐ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದಿಟ್ಟರೆ ರಾತ್ರಿ ಲೆಕ್ಕ ಕೂಡುತ್ತದೆ ಅಂದಾಗ ಪಕ್ಕದ ಅಂಗಡಿಯವರು ನಕ್ಕಿದ್ದರು. ಸೌಂಡ್‌ಬಾಕ್ಸ್ ಕೂಗುತ್ತದಲ್ಲ, ಇನ್ನೇನು ಬೇಕು ಅನ್ನೋದು ಅವರ ವಾದ. ನಮ್ಮ ಕಿರಾಣಿ ಅಂಗಡಿಯಲ್ಲಿ ದಿನಕ್ಕೆ ಸುಮಾರು 120 ಪಾವತಿ ಬರುತ್ತವೆ. ಮೊದಲೆಲ್ಲ ತಿಂಗಳಿಗೆ ಎರಡು ಮೂರು ಸಾವಿರ ರೂಪಾಯಿ ಯಾರದ್ದು, ಯಾವ ಬಿಲ್ಲಿನದ್ದು ಅಂತ ಗೊತ್ತಾಗದೆ ಉಳಿಯುತ್ತಿತ್ತು. ಈಗ ರಾತ್ರಿ 20 ನಿಮಿಷ ಕೂತರೆ ಪೈಸೆ ಸಮೇತ ಕೂಡುತ್ತದೆ. ನಕ್ಕವರಲ್ಲಿ ಇಬ್ಬರು ಈಗ ಇದನ್ನೇ ಮಾಡುತ್ತಿದ್ದಾರೆ.

ಮೊದಲು ಯಾವ ನಂಬರು ಅನ್ನೋದು ಇತ್ಯರ್ಥವಾಗಬೇಕು. ಗ್ರಾಹಕರ ಫೋನಿನಲ್ಲಿ ಒಂದಲ್ಲ, ಎರಡು ನಂಬರು ಕಾಣುತ್ತವೆ. ಫೋನ್‌ಪೇಯಲ್ಲಿ T ಅಕ್ಷರದಿಂದ ಶುರುವಾಗುವ ಉದ್ದದ ನಂಬರು ಆ ಆ್ಯಪಿನದ್ದೇ ಸ್ವಂತದ್ದು, ನಮ್ಮ ಬ್ಯಾಂಕಿಗೆ ಅದರ ಗಂಧವೇ ಇಲ್ಲ. ನಮಗೆ ಬೇಕಾದದ್ದು ಅಲ್ಲೇ UTR ಅಂತ ಇರುವ 12 ಅಂಕಿ. ಗೂಗಲ್ ಪೇಯಲ್ಲಿ ಅದಕ್ಕೆ UPI transaction ID ಅಂತ ಹೆಸರು, ಪೇಟಿಎಂನಲ್ಲಿ UPI Ref No. ಹೆಸರು ಮೂರು, ನಂಬರು ಒಂದೇ ಜಾತಿಯದು. ಕೊಟ್ಟವರ ಬ್ಯಾಂಕು, ಪಡೆದವರ ಬ್ಯಾಂಕು, ನಡುವೆ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ, ಮೂವರ ಹತ್ತಿರವೂ ಆ ಒಂದು ಪಾವತಿ ಈ 12 ಅಂಕಿಯಿಂದಲೇ ಸಿಗುತ್ತದೆ. ಅದು ಗ್ರಾಹಕರನ್ನೂ ಗುರುತಿಸುವುದಿಲ್ಲ, ಬಿಲ್ಲನ್ನೂ ಗುರುತಿಸುವುದಿಲ್ಲ. ದುಡ್ಡು ಕಳಿಸುವ ಒಂದೊಂದು ಪ್ರಯತ್ನಕ್ಕೆ ಒಂದೊಂದು ನಂಬರು, ಅಷ್ಟೇ.

ಶುರುವಿನಲ್ಲಿ ನಾನು ಹೆಸರು ಮತ್ತು ಸಮಯ ಬರೆಸಿದೆ. ನಡೆಯಲಿಲ್ಲ. ಸಾಮಾನು ಒಯ್ಯುವವರು ಒಬ್ಬರು, ದುಡ್ಡು ಬರುವುದು ಮಗನ ಖಾತೆಯಿಂದಲೋ ಹೆಂಡತಿಯ ಖಾತೆಯಿಂದಲೋ. ಆಮೇಲೆ ನಾಲ್ಕು ಅಂಕಿ ಬರೆಯಲು ಹುಡುಗನಿಗೆ ಹೇಳಿದೆ. ಅವನು ಮೊದಲ ನಾಲ್ಕು ಬರೆದ. ರಾತ್ರಿ ನೋಡಿದರೆ ಬಹುಪಾಲು ಬಿಲ್ಲಿನ ಮೇಲೆ ಒಂದೇ ನಂಬರು! ಕಾರಣ ಆಮೇಲೆ ಹೇಳುತ್ತೇನೆ. ಕೊನೆಯ ನಾಲ್ಕಕ್ಕೆ ಬಂದ ಮೇಲೂ ಒಂದು ತೊಡಕು ಉಳಿಯಿತು. 120 ಪಾವತಿಯಲ್ಲಿ ಒಂದೇ ಕೊನೆಯ ನಾಲ್ಕು ಅಂಕಿಯ ಎರಡು ಬಿಲ್ಲು ಆಗಾಗ ಸಿಕ್ಕೇ ಸಿಗುತ್ತವೆ. ಹಾಗಾಗಿ ನಾಲ್ಕು ಅಂಕಿಯ ಜೊತೆ ಮೊತ್ತವನ್ನೂ ನೋಡಬೇಕು. ಎರಡೂ ಒಂದೇ ಆದ ಬಿಲ್ಲುಗಳು ನನಗೆ ಇವತ್ತಿನವರೆಗೆ ಸಿಕ್ಕಿಲ್ಲ.

ಬಹಳ ಜನ ಎಡವುವುದು ಪಾಸ್‌ಬುಕ್ಕಿನಲ್ಲಿ. ಸ್ವಂತ ಖಾತೆಯ ಕ್ಯೂಆರ್ ಇಟ್ಟಿದ್ದರೆ ಒಂದೊಂದು ಪಾವತಿಯೂ ಸ್ಟೇಟ್‌ಮೆಂಟಿನಲ್ಲಿ ಬೇರೆ ಬೇರೆ ಸಾಲಾಗಿ, 12 ಅಂಕಿಯ ಸಮೇತ ಬರುತ್ತದೆ. ಆದರೆ ಪೇಮೆಂಟ್ ಕಂಪನಿಯ ವ್ಯಾಪಾರಿ ಕ್ಯೂಆರ್ ಆಗಿದ್ದರೆ ದಿನದ ದುಡ್ಡೆಲ್ಲ ಒಟ್ಟುಗೂಡಿ ಒಂದೇ ಮೊತ್ತವಾಗಿ ಖಾತೆಗೆ ಬೀಳುವುದೇ ಹೆಚ್ಚು, ಮತ್ತು ಆ ಒಟ್ಟು ಮೊತ್ತಕ್ಕೆ ಅದರದ್ದೇ ಬೇರೆ ನಂಬರು ಇರುತ್ತದೆ. ಗ್ರಾಹಕರ ನಂಬರನ್ನು ಅಲ್ಲಿ ಎಷ್ಟು ಹುಡುಕಿದರೂ ಸಿಗದು. ನಾನೇ ಒಮ್ಮೆ 2,300 ರೂಪಾಯಿ ಬಂದಿಲ್ಲ ಅಂತ ಹಳೇ ಗಿರಾಕಿಯ ಹತ್ತಿರ ಖಡಾಖಂಡಿತವಾಗಿ ಹೇಳಿ, ಸಂಜೆ ತಲೆ ತಗ್ಗಿಸಬೇಕಾಯಿತು. ವ್ಯಾಪಾರಿ ಆ್ಯಪಿನ ಸೆಟಲ್‌ಮೆಂಟ್ ವರದಿ ಇಳಿಸಿಕೊಂಡು ಅದರಲ್ಲಿ ಹುಡುಕಬೇಕು.

ಇನ್ನು, "ಅಣ್ಣಾ, ದುಡ್ಡು ಕಟ್ ಆಗಿದೆ ನೋಡಿ" ಅನ್ನುವ ಸಂದರ್ಭ. 1,840 ರೂಪಾಯಿ ಬಿಲ್ಲು, ಶನಿವಾರ ಸಂಜೆಯ ನೂಕುನುಗ್ಗಲು, ಸೌಂಡ್‌ಬಾಕ್ಸ್ ಸುಮ್ಮನಿದೆ, ಗ್ರಾಹಕರ ಫೋನಿನಲ್ಲಿ Processing ಅಂತ ತಿರುಗುತ್ತಿದೆ. ನಾನು ಮೊದಲು ಆ ನಂಬರಿನ ಕೊನೆ, 7319, ಬಿಲ್ಲಿನ ಮೇಲೆ ಬರೆದುಕೊಂಡು ನಮ್ಮ ಆ್ಯಪಿನ ಪಟ್ಟಿ ನೋಡುತ್ತೇನೆ. ಸೌಂಡ್‌ಬಾಕ್ಸ್ ನೆಟ್‌ವರ್ಕ್ ಇಲ್ಲದೆ ಸುಮ್ಮನಿದ್ದು, ಪಟ್ಟಿಯಲ್ಲಿ ದುಡ್ಡು ಬಂದು ಕೂತಿರುವುದೂ ಉಂಟು. ಪಟ್ಟಿಯಲ್ಲೂ ಇಲ್ಲವಾದರೆ ಗ್ರಾಹಕರು ಅವಸರಕ್ಕೆ ಇನ್ನೊಮ್ಮೆ ಕಳಿಸುತ್ತಾರೆ, ಅದು ಕೂಗುತ್ತದೆ, ಸಾಮಾನು ಒಯ್ಯುತ್ತಾರೆ. ಸೋಮವಾರ ಬಂದು "ಎರಡು ಸಲ ಹೋಗಿದೆ" ಅನ್ನುತ್ತಾರೆ. ಆಗ ಎರಡೂ ರಸೀದಿಯ ನಂಬರು ಪಕ್ಕಪಕ್ಕ ಇಟ್ಟು ನೋಡುವುದು. ಒಂದೇ ನಂಬರಾದರೆ ಅದು ಒಂದೇ ಪಾವತಿ, ಸ್ಕ್ರೀನ್‌ಶಾಟ್ ಮಾತ್ರ ಎರಡು. ಬೇರೆ ಬೇರೆಯಾದರೆ 7319 ನಮ್ಮ ವರದಿಯಲ್ಲಿ ತಡವಾಗಿ ಬಂದಿದೆಯೇ ನೋಡುತ್ತೇನೆ. ಬಂದಿದ್ದರೆ ವಾಪಸ್ ಕೊಡುವುದು ನನ್ನ ಕೆಲಸ.

ಬಂದಿಲ್ಲದಿದ್ದರೆ ನಾನು ಮಾಡುವುದು ಏನೂ ಇಲ್ಲ. ದುಡ್ಡು ಕಳಿಸಿದವರೇ ತಮ್ಮ ಆ್ಯಪಿನಲ್ಲಿ ಅದೇ ಪಾವತಿ ತೆರೆದು ದೂರು ಹಾಕಬೇಕು, ಅಥವಾ ತಮ್ಮ ಬ್ಯಾಂಕಿಗೆ 12 ಅಂಕಿ, ತಾರೀಖು, ಮೊತ್ತ ಮೂರನ್ನೂ ಕೊಡಬೇಕು. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ಖಾತೆಯಿಂದ ಹೋಗಿ ಅಂಗಡಿಗೆ ತಲುಪದ ಪಾವತಿ ಐದು ದಿನದೊಳಗೆ ತಾನಾಗಿ ವಾಪಸಾಗಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ್ದಾದರೆ ಗಡುವು ಒಂದೇ ದಿನ. ವಾಪಸ್ ಬಂದ ದುಡ್ಡು ಸಾಮಾನ್ಯವಾಗಿ ಅದೇ ನಂಬರು ಹೊತ್ತು ಬರುತ್ತದೆ, ಹಾಗಾಗಿ ಗ್ರಾಹಕರು ಸ್ಟೇಟ್‌ಮೆಂಟಿನಲ್ಲಿ 7319 ಹುಡುಕಿದರೆ ಹೋದದ್ದೂ ಬಂದದ್ದೂ ಎರಡೂ ಸಿಗುತ್ತವೆ. ಈ ನಂಬರು ಹೇಳಿದರೆ ಖಾತೆಯಿಂದ ದುಡ್ಡು ಎಳೆಯುತ್ತಾರೆ ಅಂತ ಹೆದರುವವರಿದ್ದಾರೆ. ಬರೀ ಈ ನಂಬರಿನಿಂದ ಹಾಗೆ ಆಗುವುದಿಲ್ಲ, ಪಿನ್ ಮತ್ತು ಒಟಿಪಿ ಕೇಳಿದಾಗ ಮಾತ್ರ ಹೆದರಬೇಕು.

ಮೊದಲ ನಾಲ್ಕು ಅಂಕಿಯ ಕಥೆಗೆ ಬರೋಣ. ನಾನು 2024ರಲ್ಲಿ ಪಟ್ಟಿ ಹಾಕಿ ನೋಡಿದಾಗ ಹೆಚ್ಚಿನವು 4ರಿಂದಲೇ ಶುರುವಾಗಿದ್ದವು. ಅದು ವರ್ಷದ ಕೊನೆಯ ಅಂಕಿ. ಮುಂದಿನ ಮೂರು ಅಂಕಿ ವರ್ಷದ ಎಷ್ಟನೇ ದಿನ ಅನ್ನೋದು. ಫೆಬ್ರವರಿ 14 ಅಂದರೆ 31 ಮತ್ತು 14 ಸೇರಿ 45ನೇ ದಿನ, ನಂಬರು 4045 ಅಂತ ಶುರು. ಯಾರೋ ಇವತ್ತಿನ ತಾರೀಖಿನ ಸ್ಕ್ರೀನ್‌ಶಾಟ್ ತೋರಿಸಿ ನಂಬರು ಹದಿನೈದು ದಿನ ಹಳೆಯದಾಗಿದ್ದರೆ ನನಗೆ ಅಲ್ಲೇ ಮೂಗಿಗೆ ವಾಸನೆ ಬಡಿಯುತ್ತದೆ. ಆದರೆ ಎಲ್ಲ ನಂಬರೂ ಈ ಕ್ರಮದಲ್ಲಿ ಇರುವುದಿಲ್ಲ, ಇದೊಂದನ್ನೇ ಹಿಡಿದು ಯಾರನ್ನೂ ಕಳ್ಳ ಅನ್ನಬೇಡಿ, ನಮ್ಮ ಪಟ್ಟಿಯಲ್ಲಿ ಬಂದಿದೆಯೋ ಇಲ್ಲವೋ ಅದೇ ಸಾಕ್ಷಿ. ಸ್ಕ್ರೀನ್‌ಶಾಟಿನಲ್ಲಿ ನಾನು ನೋಡುವ ಇನ್ನೊಂದು ಗುರುತಿದೆ. ಅದನ್ನು ಇಲ್ಲಿ ಬರೆದರೆ ಬೇಡದವರೂ ಓದುತ್ತಾರೆ.

ಎಕ್ಸೆಲ್ ನನಗೆ ಒಂದು ತಿಂಗಳ ಲೆಕ್ಕ ಕೆಡಿಸಿತು. 12 ಅಂಕಿಯ ನಂಬರನ್ನು ಅದು 4.04512E+11 ಅಂತ ತೋರಿಸುತ್ತದೆ. ಹಾಗೇ ಸಿಎಸ್‌ವಿ ಆಗಿ ಸೇವ್ ಮಾಡಿದರೆ ಕೊನೆಯ ಅಂಕಿಗಳು ಹೋದವು ಅಂತಲೇ, ನಮಗೆ ಬೇಕಾದವೂ ಅವೇ. ಸೊನ್ನೆಯಿಂದ ಶುರುವಾಗುವ ನಂಬರಿದ್ದರೆ ಆ ಸೊನ್ನೆಯನ್ನೂ ನುಂಗುತ್ತದೆ. ಫೈಲನ್ನು ನೇರ ತೆರೆಯದೆ, ಇಂಪೋರ್ಟ್ ಮಾಡುವಾಗಲೇ ಆ ಕಾಲಂ Text ಅಂತ ಆರಿಸಿ. ಸ್ಟೇಟ್‌ಮೆಂಟಿನ ವಿವರ `UPI/CR/404512347319/...` ಅಂತ ಇದ್ದರೆ ನಂಬರು ಕೀಳಲು, ಅದರ ಬಾಲ ತೆಗೆಯಲು ನನಗೆ ಇಷ್ಟು ಸಾಕಾಗಿದೆ:

```
B2: =MID(A2,FIND("UPI/",A2)+7,12)
C2: =RIGHT(B2,4)
```

ನಿಮ್ಮ ಬ್ಯಾಂಕು CR ಹಾಕದೆ `UPI/` ಆದ ಕೂಡಲೇ ನಂಬರು ಕೊಡುತ್ತಿದ್ದರೆ 7ರ ಬದಲು 4 ಹಾಕಿ.